ಕ್ರೇನಿನ ಮೇಲೆ ಆಡದೆ ಉಳಿಸಿಕೊಂಡ ಮಾತು

ದೇವರು ಒಬ್ಬೊಬ್ಬನಿಗೆ ಒಂದೊಂದು ಅಂಗವನ್ನು ಹೊಟ್ಟೆಪಾಡಿಗೆಂದು ಕೊಟ್ಟು ಕಳಿಸಿರುತ್ತಾನೆ. ಒಬ್ಬನಿಗೆ ತೋಳು, ಇನ್ನೊಬ್ಬನಿಗೆ ಕಣ್ಣು. ಈ ಕಥೆಯ ಮನುಷ್ಯನಿಗೆ ಕೊಟ್ಟದ್ದು ನಾಲಿಗೆ. ಎತ್ತರದ ಕಟ್ಟಡ ಏಳುತ್ತಿದ್ದ ಜಾಗದಲ್ಲಿ ಅವನಿಗೆ ಕೆಲಸವೆಂದರೆ ಮಾತಾಡುವುದು. ನೆಲದ ಮೇಲೆ ನಿಂತು, ವಾಕಿಟಾಕಿಯನ್ನು ಬಾಯಿಗೆ ಹಿಡಿದು, ಮೇಲೆ ಕ್ರೇನಿನ ಗೂಡಿನಲ್ಲಿ ಕೂತವನಿಗೆ ಭಾರವನ್ನು ಎತ್ತ ಒಯ್ಯಬೇಕು, ಎಲ್ಲಿ ಇಳಿಸಬೇಕು ಎಂದು ಹೇಳುತ್ತಿರುವುದು. ಹಾಗಾಗಿ ಎಲ್ಲರೂ ಅವನನ್ನು ರೇಡಿಯೋ ಎಂದೇ ಕರೆಯುತ್ತಿದ್ದರು. ಮೇಲೆ ಕೂತವನಿಗೆ ಹದ್ದು ಎಂಬ ಹೆಸರು ಬಿದ್ದಿತ್ತು.

ಈ ಕೆಲಸಕ್ಕೆ ಒಂದು ಕಟ್ಟಳೆಯಿದೆ. ಹದ್ದಿನ ಕಣ್ಣಿಗೆ ಕಾಣದ ಕಡೆ, ಅಂದರೆ ಗೋಡೆಯ ಆಚೆ ಬದಿಗೆ, ಭಾರ ಇಳಿಯುವಾಗ ಕೆಳಗಿನವನ ಮಾತು ಒಂದು ಕ್ಷಣವೂ ನಿಲ್ಲಬಾರದು. "ಇಳಿಸು, ಇಳಿಸು, ಇಳಿಸು, ನಿಧಾನ, ನಿಧಾನ" ಎಂದು ಅನ್ನುತ್ತಲೇ ಇರಬೇಕು. ಮಾತು ಕಡಿಯಿತೋ, ಏನೋ ಕೆಟ್ಟಿದೆ ಎಂದು ತಿಳಿದು ಮೇಲಿನವನು ಕೈ ನಿಲ್ಲಿಸುತ್ತಾನೆ. ಇನ್ನೊಂದು ಕಟ್ಟಳೆ: "ನಿಲ್ಲಿಸು" ಎಂದು ಯಾರೇ ಕೂಗಲಿ, ಕಸ ಗುಡಿಸುವವಳೇ ಕೂಗಲಿ, ಎಲ್ಲವೂ ನಿಲ್ಲಬೇಕು. ಯಾಕೆ ಎಂದು ಕೇಳುವುದು ಆಮೇಲೆ.

ಹೀಗೆ ವರ್ಷಗಟ್ಟಲೆ ಒಬ್ಬನ ಮಾತಿನ ಮೇಲೆ ಇನ್ನೊಬ್ಬ ಕೈ ಆಡಿಸಿದ್ದರಿಂದ ಇಬ್ಬರಿಗೂ ಗಂಡ ಹೆಂಡಿರ ಸಲಿಗೆ ಬೆಳೆದಿತ್ತು. "ನನ್ನ ಹೆಂಡತಿಯ ದನಿಗಿಂತ ನಿನ್ನ ದನಿ ಜಾಸ್ತಿ ಕೇಳಿದೀನಿ ಕಣೋ, ಅದೇ ನನ್ನ ಗ್ರಹಚಾರ" ಎಂದು ಹದ್ದು ಅನ್ನುತ್ತಿದ್ದ. "ನನ್ನ ಮಾತು ನೀನಾದರೂ ಕೇಳ್ತೀಯಲ್ಲ, ಅದು ನನ್ನ ಪುಣ್ಯ" ಎಂದು ರೇಡಿಯೋ ಅನ್ನುತ್ತಿದ್ದ. ಹದ್ದಿನ ಹೆಂಡತಿ ತೀರಿಕೊಂಡ ಮೇಲೆ ಆ ಹಾಸ್ಯ ತಾನಾಗಿ ನಿಂತುಹೋಯಿತು. ಅವನು ಅಕ್ಕನ ಮನೆಗೆ ಬಂದು ಸೇರಿದ.

ಅಕ್ಕನ ಮನೆಯಲ್ಲೇ ಅವನಿಗೆ ಅದು ಮೊದಲ ಸಲ ಬಂದದ್ದು. ಸ್ನಾನದ ಮನೆಯಲ್ಲಿ ನಿಂತವನಿಗೆ ಎದೆ ಇದ್ದಕ್ಕಿದ್ದಂತೆ ಡಬಡಬ ಹೊಡೆದುಕೊಂಡು, ಗಂಟಲು ಕಟ್ಟಿ, ಕೈಕಾಲು ತಣ್ಣಗಾಗಿ, ಈಗಲೇ ಪ್ರಾಣ ಹೋಯಿತು ಅನ್ನಿಸಿತು. ಆಸ್ಪತ್ರೆಗೆ ಓಡಿಸಿದರು. ಎದೆಗೆ ವೈರು ಅಂಟಿಸಿ, ರಕ್ತ ತೆಗೆದು, ಎಲ್ಲ ಪರೀಕ್ಷೆ ಮಾಡಿದ ವೈದ್ಯರು ಹೃದಯ ಚೆನ್ನಾಗಿದೆ, ಇದು ಪ್ಯಾನಿಕ್ ಅಟ್ಯಾಕ್ ಎಂದರು. ಕೆಲಸದಲ್ಲಿ ತಿಳಿಸಬೇಕು, ಮತ್ತೆ ಬಂದು ಕಾಣಬೇಕು ಎಂದೂ ಹೇಳಿದರು. ಹದ್ದು ತಿರುಗಿ ಹೋಗಲಿಲ್ಲ. ಕೆಲಸದಲ್ಲಿ ಹೇಳಿದ್ದು ಒಬ್ಬನಿಗೆ ಮಾತ್ರ, ಟೀ ಕುಡಿಯುವ ಹೊತ್ತಿನಲ್ಲಿ, ಲೋಟದೊಳಗೆ ನೋಡುತ್ತ.

"ಅಷ್ಟೇನಾ?" ಎಂದಿದ್ದ ರೇಡಿಯೋ. "ನಾನೇನೋ ದೊಡ್ಡದು ಅಂದ್ಕೊಂಡು ಹೆದರಿಬಿಟ್ಟೆ. ಹೃದಯ ಗಟ್ಟಿ ಇದೆ ಅಂದ್ರಲ್ಲ, ಮನಸ್ಸೂ ಗಟ್ಟಿ ಮಾಡ್ಕೋ. ತಲೆಗೆ ಹಚ್ಕೋಬೇಡ."

ಪ್ರೀತಿಯಿಂದಲೇ ಆಡಿದ ಮಾತು. ಹದ್ದು ನಕ್ಕು "ಹೂಂ" ಎಂದ. ಆಮೇಲೆ ಆ ಸುದ್ದಿಯನ್ನು ಎತ್ತಲೇ ಇಲ್ಲ.

ಈಗ ಆ ದಿನಕ್ಕೆ ಬರೋಣ. ಮೇಲಿನ ಮಹಡಿಗೆ ಚಾವಣಿ ಹಾಕುವ ಕೆಲಸ ನಡೆದಿತ್ತು. ಕಾಂಕ್ರೀಟು ಕಲಸಿದ ಮೇಲೆ ಯಾರಿಗೂ ಕಾಯುವುದಿಲ್ಲ. ಹಾಗಾಗಿ ಬೆಳಗಿನಿಂದ ಯಾರೂ ಕೂತಿರಲಿಲ್ಲ. ಹಿಂದಿನ ದಿನವೂ ಅದೇ, ಅದರ ಹಿಂದಿನ ದಿನವೂ ಅದೇ. ಎಲ್ಲರ ಕಣ್ಣೂ ಸಿಮೆಂಟಿನ ಧೂಳಿಗೆ ಕೆಂಪಗಾಗಿ, ಮಾತಿನಲ್ಲಿ ಉಪ್ಪು ಖಾರ ಎರಡೂ ಬತ್ತಿಹೋಗಿದ್ದವು. ಮಧ್ಯಾಹ್ನ ತಿರುಗಿತ್ತು. ಕಾಂಕ್ರೀಟು ತುಂಬಿದ ಕಬ್ಬಿಣದ ದೊಡ್ಡ ಬಕೆಟ್ಟು ನೆಲ ಬಿಟ್ಟು ಮೇಲೇರಿ, ಕಟ್ಟಡವನ್ನು ಬಳಸಿ ಆಚೆ ಬದಿಗೆ ಹೊರಟಿತ್ತು.

"ಎಡಕ್ಕೆ, ಎಡಕ್ಕೆ, ಎಡಕ್ಕೆ, ಇನ್ನೂ ಎಡಕ್ಕೆ" ಎಂದು ರೇಡಿಯೋ ದಣಿದ ದನಿಯಲ್ಲಿ ಹೇಳುತ್ತಿದ್ದ. ಮಾತು ನಡೆದೇ ಇತ್ತು. ಬಕೆಟ್ಟು ನಿಂತಿತು.

ರೇಡಿಯೋ ತಲೆ ಎತ್ತಿ ನೋಡಿದ. ವಾಕಿಟಾಕಿಯ ಗುಂಡಿಯಿಂದ ಬೆರಳು ತೆಗೆದ. ಒತ್ತಿ ಹಿಡಿದಷ್ಟು ಹೊತ್ತು ಆ ಕಡೆಯ ದನಿ ಈ ಕಡೆಗೆ ಬರುವುದಿಲ್ಲ. ಬಿಟ್ಟ ಕೂಡಲೆ ಉಸಿರಿನ ಸದ್ದು ಕೇಳಿತು. ನಾಯಿ ಓಡಿ ಬಂದು ತೇಕುವ ಹಾಗೆ.

"ಏನಾಯ್ತೋ?"

"ಉಸಿರು... ಉಸಿರು ಸಿಗ್ತಿಲ್ಲ. ಅದೇ ಬಂತು ಕಣೋ. ಅವತ್ತಿಂದೇ. ಸತ್ತೋಗ್ತೀನಿ ನಾನು."

ರೇಡಿಯೋ ಮಾಡಬೇಕಾದ ಮೊದಲ ಕೆಲಸವನ್ನು ಸರಿಯಾಗಿಯೇ ಮಾಡಿದ. ಬಕೆಟ್ಟಿನ ಕೆಳಗಿದ್ದವರನ್ನೆಲ್ಲ ಕೂಗಿ ಓಡಿಸಿದ. ಮೇಸ್ತ್ರಿ ಬಂದು ಸುತ್ತ ಹಗ್ಗ ಕಟ್ಟಿಸಿದ. ಕೈ ಬಿಟ್ಟರೆ ಕ್ರೇನಿನ ಬ್ರೇಕು ತಾನಾಗಿ ಹಿಡಿದುಕೊಳ್ಳುತ್ತದೆ. ಆದ್ದರಿಂದ ಬಕೆಟ್ಟು ಬೀಳುವ ಭಯವಿರಲಿಲ್ಲ. ಭಯವಿದ್ದದ್ದು ಮೇಲಿದ್ದವನದು. ಎದ್ದು ಓಡಬೇಕು ಅನ್ನಿಸುವ ಗಳಿಗೆ ಅದು. ಓಡಲು ಅಲ್ಲಿ ನೆಲವಿಲ್ಲ. ಬೆಲ್ಟಿನ ಕೊಕ್ಕೆ ಹಾಕದೆ ಬಾಗಿಲು ತೆಗೆದು ಹೊರಗೆ ಕಾಲಿಟ್ಟರೆ?

ಆ ಯೋಚನೆ ಬಂದದ್ದೇ ತಡ, ರೇಡಿಯೋ ತನಗೆ ಗೊತ್ತಿದ್ದ ಏಕೈಕ ಕೆಲಸವನ್ನು ಶುರುಮಾಡಿದ. ಮಾತು ನಿಲ್ಲಬಾರದು. ಮಾತು ನಿಂತರೆ ಕೆಟ್ಟಿತು.

"ಏನೂ ಆಗಿಲ್ಲ ನಿನಗೆ. ಏನೂ ಆಗಿಲ್ಲ. ಡಾಕ್ಟ್ರೇ ಹೇಳಿದಾರಲ್ಲ. ಸಮಾಧಾನ ಮಾಡ್ಕೋ. ಸಮಾಧಾನ, ಸಮಾಧಾನ, ಸಮಾಧಾನ. ಜೋರಾಗಿ ಉಸಿರು ಎಳ್ಕೋ. ಇನ್ನೂ ಜೋರಾಗಿ. ಇಷ್ಟು ವರ್ಷದಿಂದ ಮೇಲೆ ಕೂತಿದೀಯ, ಇವತ್ತೇನು ಹೊಸದಾ? ಗಾಳಿ ಮಳೆಯಲ್ಲೇ ಹೆದರದವನು ನೀನು! ಕೇಳಿಸ್ತಾ? ಯಾಕೆ ಹಿಂಗಾಯ್ತು? ಊಟ ಮಾಡಿದ್ಯಾ? ರಾತ್ರಿ ನಿದ್ದೆ ಮಾಡಿದ್ಯಾ? ಏನು ಯೋಚನೆ ಮಾಡಿದೆ?"

ಮೇಸ್ತ್ರಿ ಪಕ್ಕದಲ್ಲಿ ನಿಂತು ಕೈಗಡಿಯಾರ ನೋಡಿಕೊಂಡ. ಅವನೂ ಕೆಟ್ಟವನಲ್ಲ. ಮೂರು ಕಡೆಯಿಂದ ಫೋನು ಬರುತ್ತಿದ್ದ ಮನುಷ್ಯ. "ಬಕೆಟ್ಟೊಂದು ಇಳಿಸಿಬಿಡೋಕೆ ಹೇಳು. ಒಳಗೆ ಗಟ್ಟಿಯಾಗುತ್ತೆ" ಎಂದ.

"ಕಾಂಕ್ರೀಟು ಗಟ್ಟಿಯಾಗ್ತಿದೆ ಕಣೋ" ಎಂದು ರೇಡಿಯೋ ಅದನ್ನೂ ಮೇಲಕ್ಕೆ ಕಳಿಸಿದ. "ಇದೊಂದು ಇಳಿಸಿಬಿಡು, ಆಮೇಲೆ ಹಾಯಾಗಿ ಮಲಗು. ಎಲ್ಲರೂ ನಿನ್ನನ್ನೇ ನೋಡ್ತಿದಾರೆ, ಮರ್ಯಾದೆ ಪ್ರಶ್ನೆ. ಗಟ್ಟಿ ಮನಸ್ಸು ಮಾಡು. ನಿನ್ನ ಕೈಲಾಗುತ್ತೆ. ಸಮಾಧಾನ, ಸಮಾಧಾನ..."

ಹಿಂದಿನಿಂದ ಯಾರೋ ಅವನ ಮುಂಗೈಯನ್ನು ಹಿಡಿದರು. ಪ್ರಥಮ ಚಿಕಿತ್ಸೆಯ ಕೋಣೆಯ ನರ್ಸಮ್ಮ. ಬೆಳಗಿನಿಂದ ಬೆರಳು ಜಜ್ಜಿಕೊಂಡವರಿಗೆ, ಕಣ್ಣಿಗೆ ಧೂಳು ಬಿದ್ದವರಿಗೆ ಪಟ್ಟಿ ಕಟ್ಟಿ ಔಷಧಿ ಬಿಟ್ಟು ಅವಳೂ ಸೋತಿದ್ದಳು.

"ಗುಂಡಿ ಬಿಡಿ" ಎಂದಳು.

"ಸಿಸ್ಟರ್, ಮಾತು ನಿಲ್ಲಿಸಿದ್ರೆ ಅವನು..."

"ನೀವು ಬೆರಳು ತೆಗೆದರೆ ತಾನೇ ಅವರು ಬಾಯಿ ಬಿಡೋದು?"

ರೇಡಿಯೋ ಬೆರಳು ತೆಗೆದ. ಎಷ್ಟು ಹೊತ್ತಿನಿಂದ ಒತ್ತಿಹಿಡಿದಿದ್ದನೋ, ಬೆರಳಿನ ತುದಿ ಬೆಳ್ಳಗಾಗಿತ್ತು. ಖರಖರ ಸದ್ದು ಬಂತು. ಆ ಸದ್ದಿನೊಳಗಿಂದ ಹದ್ದಿನ ದನಿ. ಅದೆಷ್ಟು ಸಲದಿಂದ ಹೇಳುತ್ತಿತ್ತೋ ಏನೋ:

"ನಿಲ್ಲಿಸು... ನಿಲ್ಲಿಸೋ... ನಿಲ್ಲಿಸು..."

ಯಾರು ಕೂಗಿದರೂ ನಿಲ್ಲಬೇಕಾದ ಮಾತು. ರೇಡಿಯೋ ಅದರ ಮೇಲೆಯೇ ಮಾತು ಸುರಿದಿದ್ದ. ವಾಕಿಟಾಕಿಯನ್ನು ಬಾಯಿಂದ ದೂರ ಹಿಡಿದ.

ನರ್ಸಮ್ಮ ವಾಕಿಟಾಕಿ ತೆಗೆದುಕೊಂಡಳು. "ನಾನು ನರ್ಸು. ಎದೆ ನೋವು ತೋಳಿಗೋ ದವಡೆಗೋ ಇಳೀತಿದೆಯಾ? ಹೌದು, ಇಲ್ಲ, ಅಷ್ಟೇ ಹೇಳಿ."

"ಇ... ಇಲ್ಲ. ಅವತ್ತಿನ ಹಾಗೇ."

"ಸರಿ. ಬೆಲ್ಟಿನ ಕೊಕ್ಕೆ ಹಾಕಿದೀರಾ?"

"ಹೂಂ."

"ಹಾಗೇ ಇರಲಿ. ಬಾಗಿಲು ಮುಚ್ಚಿರಲಿ. ನಿಮ್ಮ ಸ್ನೇಹಿತ ಮೇಲೆ ಬರ್ತಾರೆ."

ಎತ್ತರಕ್ಕೆ ಹತ್ತುವ ತರಬೇತಿ ಇದ್ದದ್ದು ಕೆಲವರಿಗೆ ಮಾತ್ರ. ರೇಡಿಯೋ ಅವರಲ್ಲಿ ಒಬ್ಬ. ಮೇಲಿನಿಂದ ಜನರನ್ನು ಇಳಿಸುವ ತಂಡಕ್ಕೂ ಮೇಸ್ತ್ರಿ ಫೋನು ಮಾಡಿದ. ಅವರು ಬರುವುದಕ್ಕೆ ಹೊತ್ತು ಬೇಕಿತ್ತು. ರೇಡಿಯೋ ಸೊಂಟಕ್ಕೆ, ತೊಡೆಗೆ ಪಟ್ಟಿ ಬಿಗಿದುಕೊಳ್ಳುವಷ್ಟರಲ್ಲಿ ನರ್ಸಮ್ಮ ಹತ್ತಿರ ಬಂದು ನಿಂತಳು.

"ಹೋಗಿ ಏನು ಹೇಳ್ತೀರಿ?"

"ಸಮಾಧಾನ ಮಾಡ್ಕೋ ಅಂತ..." ಎಂದವನು ತಡೆದ.

"ಅವರ ಕೈಲಿ ಮಾಡ್ಕೊಳ್ಳೋಕೆ ಆಗಿದ್ರೆ ಇಷ್ಟೊತ್ತಿಗೆ ಮಾಡ್ಕೊಂಡಿರ್ತಿದ್ರು" ಎಂದಳು ಅವಳು. ಬೈಗುಳದ ದನಿಯಲ್ಲಲ್ಲ. "ಏನೂ ಆಗಿಲ್ಲ ಅನ್ನಬೇಡಿ. ಅವರಿಗೆ ಆಗ್ತಾನೇ ಇದೆ. ಯಾಕೆ ಏನು ಅಂತ ಕೇಳಬೇಡಿ. ಉಸಿರು ಜೋರಾಗಿ ಎಳ್ಕೋ ಅನ್ನಬೇಡಿ, ಈಗಾಗಲೇ ಜಾಸ್ತಿ ಎಳೀತಿದಾರೆ, ಅದಕ್ಕೇ ತಲೆ ತಿರುಗೋದು, ಬೆರಳು ಜುಮ್ ಅನ್ನೋದು. ಬಿಡೋದು ನಿಧಾನ ಆಗಬೇಕು. ಕೇಳದೆ ಮುಟ್ಟಬೇಡಿ."

"ಮತ್ತೆ ನಾನು ಮಾಡೋದೇನು ಸಿಸ್ಟರ್?"

"ಇದು ಏರುತ್ತೆ, ಆಮೇಲೆ ತಾನೇ ಇಳಿಯುತ್ತೆ. ನೀವು ಇಳಿಸೋಕೆ ಹೋಗಬೇಡಿ. ಇಳಿಯೋವರೆಗೂ ಪಕ್ಕದಲ್ಲಿರಿ. ಏನು ಬೇಕು ಅಂತ ಅವರನ್ನೇ ಕೇಳಿ. ಎದೆ ನೋವು ಬೇರೆ ಥರ ಆಯ್ತು ಅಂದರೆ, ಎಚ್ಚರ ತಪ್ಪಿದರೆ, ಆಗ ಮಾತ್ರ ಕೂಡಲೆ ನನಗೆ ಹೇಳಿ."

ಕ್ರೇನಿನ ಕಂಬದೊಳಗಿನ ಏಣಿ ನೇರವಾಗಿ ಮೇಲಕ್ಕೆ ಹೋಗುತ್ತದೆ. ಅಲ್ಲಲ್ಲಿ ನಿಂತು ದಣಿವಾರಿಸಿಕೊಳ್ಳಲು ಕಬ್ಬಿಣದ ಜಾಲರಿಯ ಕಟ್ಟೆಗಳಿವೆ. ರೇಡಿಯೋಗೆ ಮಂಡಿನೋವು. ಒಂದೊಂದು ಮೆಟ್ಟಿಲಿಗೂ ಒಂದೊಂದು ಮಾತು ಅವನ ಬಾಯಿಗೆ ಬರುತ್ತಿತ್ತು. ಧೈರ್ಯ ತಗೋ. ದೇವರಿದ್ದಾನೆ. ನಿನಗಿಂತ ಕಷ್ಟದಲ್ಲಿರೋರು ಎಷ್ಟು ಜನ ಇಲ್ಲ? ನನ್ನ ಮುಖ ನೋಡಿಯಾದರೂ ಏಳು. ಎಲ್ಲವೂ ಒಳ್ಳೆಯ ಮಾತುಗಳೇ, ಹಿರಿಯರು ಕೊಟ್ಟ ಮಾತುಗಳೇ. ಆದರೆ ಬಾಯಾರಿದವನಿಗೆ ಹೋಳಿಗೆ ಕೊಟ್ಟ ಹಾಗೆ ಅವು ಎಂಬುದು ಅವನಿಗೆ ಏರುತ್ತೇರುತ್ತ ಹೊಳೆಯಿತು. ಒಂದೊಂದನ್ನೇ ಕೆಳಗೆ ಬಿಟ್ಟ. ಕಟ್ಟೆಯೊಂದರ ಮೇಲೆ ನಿಂತು ಹಣೆ ಒರೆಸಿಕೊಳ್ಳುತ್ತ "ಸ್ವಾಮಿ, ಹುಟ್ಟಿದಾಗಿನಿಂದ ಈ ನಾಲಿಗೆ ಕೊಟ್ಟು ಸಾಕಿದ್ದೀಯ. ಇವತ್ತೊಂದು ಗಳಿಗೆ ಅದನ್ನ ನೀನೇ ಹಿಡ್ಕೋ" ಎಂದು ಬೇಡಿಕೊಂಡ. ಬೇಡಿಕೆ ವಿಚಿತ್ರವಾಗಿತ್ತು. ಅವನಿಗೆ ನಗಲೂ ಶಕ್ತಿ ಇರಲಿಲ್ಲ.

ಗೂಡಿನ ಬಾಗಿಲು ತೆರೆದಾಗ ಹದ್ದು ಕುರ್ಚಿಯ ಮೇಲಿರಲಿಲ್ಲ. ಅದರ ಪಕ್ಕದ ಇರುಕಿನಲ್ಲಿ, ನೆಲದ ಮೇಲೆ, ಮಂಡಿ ಎದೆಗೆ ಒತ್ತಿ ಕೂತಿದ್ದ. ಅಂಗಿ ಒದ್ದೆಯಾಗಿ ಮೈಗೆ ಅಂಟಿತ್ತು. ಬೆರಳುಗಳು ಮಡಚಿಕೊಂಡಿದ್ದವು. ಕಣ್ಣು ತೆರೆದೇ ಇದ್ದರೂ ಎದುರಿನದನ್ನು ನೋಡುತ್ತಿರಲಿಲ್ಲ.

ಇಬ್ಬರಿಗೆ ಅಲ್ಲಿ ಜಾಗವಿರಲಿಲ್ಲ. ರೇಡಿಯೋ ತನ್ನ ಕೊಕ್ಕೆಯನ್ನು ಸಿಕ್ಕಿಸಿಕೊಂಡು, ಬಾಗಿಲಿಗೆ ಅಡ್ಡವಾಗಿ ಹೊರಗಿನ ಜಾಲರಿಯ ಮೇಲೆ ಕೂತ.

"ಬಂದೆ" ಎಂದ. "ಇಲ್ಲೇ ಕೂತಿರ್ತೀನಿ. ಆತುರ ಏನಿಲ್ಲ."

ಅಷ್ಟು ಹೇಳಿ ಬಾಯಿ ಮುಚ್ಚಿದ. ಮುಚ್ಚಿದ ಬಾಯಿಯೊಳಗೆ ನಾಲಿಗೆ ಕಟ್ಟಿಹಾಕಿದ ಕರುವಿನಂತೆ ಎಳೆದಾಡಿತು.

"ಕಾಂಕ್ರೀಟು..." ಎಂದ ಹದ್ದು, ಹಲ್ಲಿನ ನಡುವಿನಿಂದ.

"ಅದು ಮೇಸ್ತ್ರಿಯ ತಲೆನೋವು."

"ಬೆರಳು... ಮರಗಟ್ಟಿದೆ. ಲಕ್ವಾನೇ ಇದು. ನನಗೆ ಗೊತ್ತು."

'ಹುಚ್ಚ, ಲಕ್ವಾ ಅಂತೆ' ಎಂಬುದು ತುಟಿಯವರೆಗೂ ಬಂತು. ರೇಡಿಯೋ ಅದನ್ನು ನುಂಗಿದ. "ಉಸಿರು ಜಾಸ್ತಿ ಓಡಿದಾಗ ಬೆರಳು ಹಂಗಾಗುತ್ತಂತೆ. ಸಿಸ್ಟರ್ ಹೇಳಿದ್ರು. ಉಸಿರು ಇಳಿದ ಹಾಗೆ ಅದೂ ಇಳಿಯುತ್ತೆ. ಅಲ್ಲೀವರೆಗೂ ಭಯ ಆಗುತ್ತೆ, ನಿಜ."

ಹದ್ದಿನ ಕಣ್ಣು ಮೊದಲ ಸಲ ಅವನ ಕಡೆ ಹೊರಳಿತು. 'ನಿಜ' ಎಂಬ ಒಂದು ಮಾತಿಗೆ ಹೊರಳಿದಂತಿತ್ತು.

"ಕೈ ಹಿಡ್ಕೊಳ್ಳಲಾ?"

"ಬೇಡ. ಮುಟ್ಟಬೇಡ."

"ಸರಿ."

ರೇಡಿಯೋಗೆ ಸ್ವಲ್ಪ ನೋವಾಯಿತು. ಅಷ್ಟು ಏಣಿ ಹತ್ತಿ ಬಂದವನು. ಆದರೆ ಆ ನೋವನ್ನು ಇಡಲಿಕ್ಕೆ ಅದು ಜಾಗವಾಗಿರಲಿಲ್ಲ. ಅವನಿಗೂ ಏದುಸಿರು ಇನ್ನೂ ನಿಂತಿರಲಿಲ್ಲ. "ನನಗೂ ಉಸಿರು ಕಟ್ಟಿದೆ, ಏಣಿ ಹತ್ತಿ. ನಾನು ನಿಧಾನಕ್ಕೆ ಬಿಡ್ತೀನಿ. ಬೇಕಾದ್ರೆ ಜೊತೆಗೆ ಬಿಡು. ಎಳ್ಕೊಳ್ಳೋದರ ಬಗ್ಗೆ ಯೋಚನೆ ಬೇಡ" ಎಂದು, ಬಿಸಿ ಹಾಲಿನ ಕೆನೆಯನ್ನು ಊದುವ ಹಾಗೆ ತುಟಿ ಕೂಡಿಸಿ ಉದ್ದಕ್ಕೆ ಉಸಿರು ಬಿಟ್ಟ. ಮತ್ತೆ ಬಿಟ್ಟ. ಹದ್ದು ಮಾಡಲಿಲ್ಲ. ಆಮೇಲೆ ಮಾಡಲು ಹೋಗಿ ಅರ್ಧಕ್ಕೇ ಮುರಿದ. ರೇಡಿಯೋ 'ಹಂಗಲ್ಲ' ಎನ್ನಲಿಲ್ಲ. ತನ್ನ ಪಾಡಿಗೆ ತಾನು ಬಿಡುತ್ತಿದ್ದ.

ಗಾಳಿ ಜಾಲರಿಯ ಸಂದಿನಲ್ಲಿ ಸುಯ್ಯೆನ್ನುತ್ತಿತ್ತು. ಕೆಳಗೆ ಯಂತ್ರಗಳನ್ನೆಲ್ಲ ನಿಲ್ಲಿಸಿದ್ದರಿಂದ ಬೇರೆ ಸದ್ದಿರಲಿಲ್ಲ. ಇಬ್ಬರೂ ಇಷ್ಟು ವರ್ಷದಲ್ಲಿ ಹೀಗೆ ಮಾತಿಲ್ಲದೆ ಎಂದೂ ಜೊತೆಗಿರಲಿಲ್ಲ. ಆ ಮೌನ ಬೆಳೆದ ಹಾಗೆ ಹದ್ದಿನ ಉಸಿರು ಮತ್ತೆ ಏರಿತು. ಕುರ್ಚಿಯ ಕಾಲನ್ನು ಹಿಡಿದು ಅರ್ಧ ಎದ್ದ.

"ಯಾಕೋ? ಯಾಕೆ ಸುಮ್ಮನಾದೆ? ಏನಾಯ್ತು?"

ರೇಡಿಯೋಗೆ ಆಗ ತಿಳಿಯಿತು. ಮಾತು ನಿಂತರೆ ಕೆಟ್ಟಿತು ಎಂದು ಇಷ್ಟು ವರ್ಷ ಅವನ ಕಿವಿಗೆ ಕಲಿಸಿದ್ದು ತಾನೇ. ಆ ಕಿವಿಗೆ ತನ್ನ ಮೌನವೂ ಒಂದು ಕೂಗು. ಹಾಗೆಂದು ಮತ್ತೆ ಮಾತಿನ ಮಳೆ ಸುರಿಸುವಂತೆಯೂ ಇರಲಿಲ್ಲ.

"ಏನೂ ಕೆಟ್ಟಿಲ್ಲ" ಎಂದ, ಮೆಲ್ಲಗೆ. "ಸುಮ್ಮನೆ ಕೂತಿದೀನಿ, ಅಷ್ಟೇ. ನಾನು ಮಾತಾಡದೆ ಇದ್ರೂ ಇಲ್ಲೇ ಇರ್ತೀನಿ. ನೀನು ಇಳಿಯೋವರೆಗೂ ಇಳಿಯಲ್ಲ." ಆಮೇಲೆ ಕೇಳಿದ: "ನಿನಗೆ ಹೆಂಗೆ ಬೇಕು? ಮಾತಾಡ್ಲಾ, ಸುಮ್ಮನಿರ್ಲಾ?"

ಹದ್ದು ಕುರ್ಚಿಯ ಕಾಲು ಬಿಟ್ಟು ಮತ್ತೆ ಕೂತ. "ಆಗಾಗ... ಇದೀನಿ ಅನ್ನು. ಅಷ್ಟು ಸಾಕು."

"ಆಯ್ತು."

ಹೀಗೆ ಆ ಮಾತುಗಾರ, ಅಷ್ಟು ಎತ್ತರದಲ್ಲಿ, ಒಂದೇ ಮಾತನ್ನು ಇಟ್ಟುಕೊಂಡು ಕೂತ. ಗಾಳಿ ಬೀಸಿ ಹೋಗುತ್ತಿತ್ತು. "ಇದೀನಿ" ಎನ್ನುತ್ತಿದ್ದ. ಮತ್ತೆ ಮೌನ. "ಇದೀನಿ." ಒಮ್ಮೆ ಹದ್ದು ಮತ್ತೆ ನಡುಗಿ "ಬಂತು, ಇನ್ನೊಂದು ಸಲ ಬಂತು" ಎಂದಾಗ, "ಬರಲಿ. ಇದೂ ಇಳಿಯುತ್ತೆ. ಕೈ ಕೆಳಗೆ ಏನಿದೆ, ಹೇಳು ನೋಡೋಣ" ಎಂದ. "ರಬ್ಬರು" ಎಂದ ಹದ್ದು. "ತಣ್ಣಗಿದೆ. ಮಣ್ಣಿದೆ. ಒಂದು ಮೊಳೆ." ಎಷ್ಟೋ ಹೊತ್ತಿನ ಮೇಲೆ, "ಬಿಸ್ಕತ್ತಿನ ಪುಡಿ. ಇದು ನಂದಲ್ಲ, ರಾತ್ರಿ ಪಾಳಿಯವನದು. ಒಳಗೆ ತಿನ್ನಬೇಡ ಅಂದ್ರೂ ತಿಂತಾನೆ ಬಡ್ಡೀಮಗ." ಆ ಬೈಗುಳದಲ್ಲಿ ಹಳೆಯ ಹದ್ದಿನ ದನಿಯ ಒಂದು ಎಳೆ ಇತ್ತು. ರೇಡಿಯೋ ಒಳಗೊಳಗೇ ಕೈಮುಗಿದ.

ಏರಿದ್ದು ಇಳಿಯತೊಡಗಿತು. ಬೆರಳುಗಳು ಒಂದೊಂದಾಗಿ ಬಿಡಿಸಿಕೊಂಡವು. ಉಸಿರು ಉದ್ದವಾಯಿತು. ಇಳಿದ ಮೇಲೆ ಉಳಿದದ್ದು ದಣಿವು. ಹಿಂಡಿ ಹಗ್ಗಕ್ಕೆ ಹಾಕಿದ ಬಟ್ಟೆಯಂತೆ ಅವನು ಗೋಡೆಗೆ ಒರಗಿದ. ಕಣ್ಣಿನಿಂದ ನೀರು ಬಂತು. ಒರೆಸಿಕೊಳ್ಳಲಿಲ್ಲ.

"ಎಲ್ಲರೂ ನೋಡಿದ್ರು. ಮರ್ಯಾದೆ ಹೋಯ್ತು."

"ಹಂಗಂದವನು ನಾನು. ಅನ್ನಬಾರದಿತ್ತು."

ಹದ್ದು ಪರವಾಗಿಲ್ಲ ಎನ್ನಲಿಲ್ಲ. ರೇಡಿಯೋ ಅದನ್ನು ಕೇಳಲೂ ಇಲ್ಲ.

ಅಷ್ಟರಲ್ಲಿ ವಾಕಿಟಾಕಿಯಲ್ಲಿ ಮೇಸ್ತ್ರಿ. "ಏನಪ್ಪಾ, ಸರಿ ಹೋದನಾ? ಸರಿ ಹೋಗಿದ್ರೆ ಅದೊಂದು ಬಕೆಟ್ಟು ಇಳಿಸಿ ಬಂದುಬಿಡಲಿ. ಪುಣ್ಯ ಬರುತ್ತೆ."

ಬೆಳಿಗ್ಗೆಯಾಗಿದ್ದರೆ ರೇಡಿಯೋ ಈ ಮಾತಿಗೆ ತನ್ನ ಮಾತನ್ನೂ ಸೇರಿಸಿ ನೂಕುತ್ತಿದ್ದ. ಈಗ ಹದ್ದಿನ ಮುಖ ನೋಡಿದ. ಹದ್ದು ತನ್ನ ಎರಡೂ ಕೈಗಳನ್ನು ಮುಂದೆ ಚಾಚಿ ನೋಡಿಕೊಂಡ. ಅವು ಇನ್ನೂ ಸಣ್ಣಗೆ ಕಂಪಿಸುತ್ತಿದ್ದವು.

"ಇಳಿಸ್ಲಾ?"

"ನೀನೇ ಹೇಳು."

"ಈ ಕೈಯಲ್ಲಿ ಬೇಡ."

"ಬೇಡ ಅಂದ್ರೆ ಬೇಡ." ರೇಡಿಯೋ ಗುಂಡಿ ಒತ್ತಿದ. "ಇಲ್ಲ ಮೇಸ್ತ್ರಿ. ಪಕ್ಕದ ಕಟ್ಟಡದ ಕ್ರೇನಿನವನನ್ನ ಕರೆಸಿ, ಅವನು ಇಳಿಸ್ತಾನೆ. ನಾವು ಇಳೀತೀವಿ. ನಿಧಾನ ಆಗುತ್ತೆ." ಗುಂಡಿ ಬಿಟ್ಟ. ಮೇಸ್ತ್ರಿ ಏನೋ ಗೊಣಗಿದ. ಆಮೇಲೆ "ಆಯ್ತು, ಬನ್ನಿ" ಎಂದ.

ಕಾಲಲ್ಲಿ ಬಲ ಬರುವವರೆಗೂ ಕಾದರು. ಇಳಿಸುವ ತಂಡದವರು ಬಂದು ಕೆಳಗಿನ ಕಟ್ಟೆಯವರೆಗೂ ಹತ್ತಿ ನಿಂತರು. ಅವರ ಹಗ್ಗವನ್ನೂ ಹದ್ದಿನ ಬೆಲ್ಟಿಗೆ ಸಿಕ್ಕಿಸಿದರು. ಕೈ ಹಿಡಿದು ಎಳೆಯಲಿಲ್ಲ. ರೇಡಿಯೋ ಮೊದಲು ಇಳಿದ. ಹದ್ದು ಮೇಲಿನಿಂದ ಒಂದೊಂದೇ ಮೆಟ್ಟಿಲು. ಪ್ರತಿ ಕಟ್ಟೆಯಲ್ಲೂ ಕೂತರು. ಎದ್ದರು.

ನೆಲದ ಮೇಲೆ ಜನ ಸೇರಿತ್ತು. "ಏನಾಯ್ತಣ್ಣ?" "ನೀರು ಕುಡೀರಿ." "ದೃಷ್ಟಿ ಆಗಿರಬೇಕು." ಹಿಂದಿನಿಂದ ಯಾರೋ, "ಹದ್ದಿಗೇ ತಲೆ ಸುತ್ತು ಬಂದ್ರೆ ಕೋಳಿಗಳ ಗತಿ ಏನಪ್ಪಾ?" ಎಂದ. ಒಬ್ಬಿಬ್ಬರು ನಕ್ಕು, ನಕ್ಕದ್ದು ಸರಿಯಲ್ಲವೆನಿಸಿ ನಿಲ್ಲಿಸಿದರು. ನರ್ಸಮ್ಮ ಅವರನ್ನೆಲ್ಲ ಸರಿಸಿ ಹದ್ದನ್ನು ಬೆಂಚಿನ ಮೇಲೆ ಕೂರಿಸಿ ನಾಡಿ ನೋಡಿದಳು, ರಕ್ತದೊತ್ತಡ ನೋಡಿದಳು.

ಮೇಸ್ತ್ರಿ ರೇಡಿಯೋ ಕಡೆ ತಿರುಗಿದ. ಯಾವಾಗಲೂ ಹದ್ದಿನ ಪರವಾಗಿ ಮಾತಾಡುವವನು ಅವನೇ ತಾನೆ. "ಏನಂತೆ? ಬಿಸಿಲಿಗೆ ತಲೆ ಸುತ್ತಾ? ಹಂಗೇ ರಿಪೋರ್ಟಲ್ಲಿ ಬರಕೊಂಡ್ರೆ ಆಯ್ತಾ?"

ಮೇಸ್ತ್ರಿ ಬಾಗಿಲು ತೆರೆದುಕೊಟ್ಟಿದ್ದ. 'ಹೌದು, ಬಿಸಿಲು' ಎಂದರೆ ಮುಗಿಯಿತು. ನಾಳೆ ಹದ್ದು ಮತ್ತೆ ತನ್ನ ಗೂಡು ಸೇರುತ್ತಾನೆ. ನಿಜ ಹೇಳಿದರೆ ವೈದ್ಯರು ಒಪ್ಪುವವರೆಗೂ ಏಣಿ ಮುಟ್ಟುವಂತಿಲ್ಲ. ಎಷ್ಟು ತಿಂಗಳೋ, ಮತ್ತೆ ಕೂರಿಸುತ್ತಾರೋ ಇಲ್ಲವೋ ಯಾರು ಬಲ್ಲರು. ಸ್ನೇಹಿತನನ್ನು ಉಳಿಸುವ ಸುಳ್ಳು ರೇಡಿಯೋನ ನಾಲಿಗೆಯ ತುದಿಯಲ್ಲಿ ಕೂತಿತ್ತು. ಅದು ಅವನನ್ನು ಉಳಿಸುತ್ತದೆಯೇ, ಮತ್ತೆ ಅಲ್ಲಿಗೇ ಏರಿಸಿ ಕೂರಿಸುತ್ತದೆಯೇ? ತಾನು ಹೇಳಬೇಕಾದ ಮಾತಲ್ಲ ಅದು ಅನ್ನಿಸಿತು ಅವನಿಗೆ. ಬೆಂಚಿನ ಕಡೆ ನೋಡಿ ಸುಮ್ಮನೆ ನಿಂತ. ಆ ನಿಲುವು ಏಣಿ ಹತ್ತಿದ್ದಕ್ಕಿಂತ ಕಷ್ಟವಾಗಿತ್ತು.

"ಬಿಸಿಲಲ್ಲ ಮೇಸ್ತ್ರಿ" ಎಂದ ಹದ್ದು, ತಲೆ ಎತ್ತದೆ. "ಪ್ಯಾನಿಕ್ ಅಟ್ಯಾಕು. ಮುಂಚೆ ಒಂದು ಸಲ ಮನೇಲಿ ಆಗಿತ್ತು. ಹೇಳಬೇಕಿತ್ತು, ಹೇಳಲಿಲ್ಲ. ನಾನು ಈಗ ಮೇಲೆ ಕೂರೋದು ಬೇಡ."

ಮೇಸ್ತ್ರಿ ಹೆಲ್ಮೆಟ್ಟು ತೆಗೆದು ತಲೆ ಕೆರೆದುಕೊಂಡ. ಬಕೆಟ್ಟಿನ ಕಡೆ ನೋಡಿದ, ಹದ್ದಿನ ಕಡೆ ನೋಡಿದ. "ಸರಿ ಬಿಡು" ಎಂದ. "ಡಾಕ್ಟ್ರನ್ನ ನೋಡಿ ಬಾ. ಬಕೆಟ್ಟು ಹೋದ್ರೆ ಹೋಯ್ತು. ಆ ಕ್ರೇನಿನವನು ಇಳಿಸಿದ ಮೇಲೆ ಒಳಗೆ ಗಟ್ಟಿಯಾದದ್ದನ್ನ ನಾಳೆ ಕೂತು ಒಡೀತೀವಿ." ಹೋಗುತ್ತ ಹಿಂದಿರುಗಿ, ಕೋಳಿಯ ಮಾತಾಡಿದವನನ್ನು ಬೆರಳಿಟ್ಟು ತೋರಿಸಿ, "ಇವನೇ ಒಡೀತಾನೆ" ಎಂದ.

ನರ್ಸಮ್ಮ ನಾಳೆಯೇ ವೈದ್ಯರನ್ನು ಕಾಣಬೇಕೆಂದಳು, ಇವತ್ತು ಒಬ್ಬರೇ ಹೋಗಕೂಡದೆಂದಳು.

"ಜೊತೆಗೆ ಬರ್ಲಾ?" ಎಂದು ರೇಡಿಯೋ ಕೇಳಿದ.

"ಬಾ" ಎಂದ ಹದ್ದು.

ಬಸ್ಸಿನಲ್ಲಿ ಜಾಗ ಸಿಕ್ಕಿತು. ಹದ್ದು ಕಿಟಕಿಗೆ ತಲೆ ಆನಿಸಿ ನಿದ್ದೆಹೋದ. ಬಾಯಿ ಸ್ವಲ್ಪ ತೆರೆದಿತ್ತು. ರೇಡಿಯೋಗೂ ಕಣ್ಣು ಎಳೆಯುತ್ತಿತ್ತು. ನಿಲ್ದಾಣ ತಪ್ಪಬಾರದೆಂದು ಎದುರಿನ ಸೀಟಿನ ಕಂಬಿ ಹಿಡಿದು ಎಚ್ಚರವಿದ್ದ.

ಅಕ್ಕ ಬಾಗಿಲು ತೆರೆದವಳೇ ತಮ್ಮನ ಮುಖ ನೋಡಿ "ಅಯ್ಯೋ, ಮತ್ತೆ ಬಂತೇನೋ?" ಎಂದು ಎದೆಗೆ ಕೈ ಇಟ್ಟುಕೊಂಡಳು. "ಹೂಂ ಅಕ್ಕ. ಈಗ ಇಳಿದಿದೆ. ಮಲಗ್ತೀನಿ" ಎಂದು ಹದ್ದು ಒಳಗಿನ ಕೋಣೆಗೆ ಹೋದ. ಬಾಗಿಲನ್ನು ಪೂರ್ತಿ ಮುಚ್ಚಲಿಲ್ಲ.

ಅಕ್ಕ ರೇಡಿಯೋನನ್ನು ಅಡುಗೆಮನೆಗೆ ಕರೆದಳು. ಒಲೆಯ ಮೇಲೆ ಟೀಗೆ ನೀರಿಟ್ಟು, ಸೆರಗಿನಲ್ಲಿ ಕಣ್ಣೊತ್ತಿಕೊಂಡು, ಪಿಸುದನಿಯಲ್ಲಿ ಕೇಳಿದಳು: "ಅವತ್ತು ಬಂದಾಗ ನಾನು ಬೈದುಬಿಟ್ಟೆ ಕಣಪ್ಪಾ. ಗಂಡಸಾಗಿ ಹಿಂಗಾಡ್ತೀಯಲ್ಲ ಅಂತ. ಹೆದರಿಕೆಗೆ ಬೈದೆ. ನೀನು ಮಾತು ಬಲ್ಲವನು. ಇನ್ನೊಂದು ಸಲ ಬಂದ್ರೆ ನಾನು ಏನು ಹೇಳಬೇಕು, ಏನು ಹೇಳಬಾರದು, ಒಂದಿಷ್ಟು ಹೇಳಿಕೊಡು."

ರೇಡಿಯೋ ಬಾಯಿ ತೆರೆದ. ಹೇಳಲಿಕ್ಕೆ ಬೇಕಾದಷ್ಟಿತ್ತು. ಸಿಸ್ಟರ್ ಹೇಳಿದ್ದು, ಮೇಲೆ ನಡೆದದ್ದು, ಎಲ್ಲವೂ. ಆದರೆ ಅವನನ್ನೇ ಕೇಳದಿದ್ದರೆ, ಮುಟ್ಟಬಾರದೆಂದು ತನಗಾದರೂ ಹೇಗೆ ಗೊತ್ತಾಗುತ್ತಿತ್ತು?

"ನನಗೂ ಅಷ್ಟು ಗೊತ್ತಿಲ್ಲ ಅಕ್ಕ" ಎಂದ. "ಎದ್ದ ಮೇಲೆ ಅವನನ್ನೇ ಕೇಳಿ. ಇನ್ನೊಂದು ಸಲ ಬಂದ್ರೆ ನಾನು ಹೆಂಗಿರಬೇಕು ಅಂತ."

"ಕೇಳಿದ್ರೆ ಹೇಳ್ತಾನಾ?"

"ಇವತ್ತು ನನಗೆ ಹೇಳಿದ."

ನೀರು ಕುದಿಯಿತು. ಅಕ್ಕ ಟೀಪುಡಿ ಹಾಕಿದಳು, ಮೂರು ಲೋಟ ತೆಗೆದಿಟ್ಟಳು, ಟೀ ಬಗ್ಗಿಸಿದ ಮೇಲೆ ಒಳಗಿನ ಕೋಣೆಯ ಕಡೆ ಕಿವಿಗೊಟ್ಟು, ತಮ್ಮ ಎದ್ದಾಗ ಕುಡಿಯಲೆಂದು ಒಂದನ್ನು ಮುಚ್ಚಿಟ್ಟಳು. ಗೋಡೆಗೆ ಬೆನ್ನು ಕೊಟ್ಟು ನೆಲದ ಮೇಲೆ ಕೂತ ರೇಡಿಯೋ, ಟೀ ಕೈಗೆ ಬರುವಷ್ಟರಲ್ಲಿ ಕೂತಲ್ಲೇ ನಿದ್ದೆಹೋಗಿದ್ದ.